ರೀಫಂಡ್ ಎಲ್ಲಿ ಸಿಕ್ಕಿಕೊಂಡಿದೆ? ಪ್ಲಾಟ್‌ಫಾರ್ಮ್‌ನಿಂದ ಬ್ಯಾಂಕ್‌ವರೆಗೆ ಹುಡುಕುವ ಕ್ರಮ

ರೀಫಂಡ್ ಬರಲಿಲ್ಲ ಅಂದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ಬ್ಯಾಂಕಿಗೆ ಫೋನ್ ಮಾಡುವುದು. ಬ್ಯಾಂಕಿನವರು "ನಮಗೆ ಏನೂ ಬಂದಿಲ್ಲ, ಕಂಪನಿಯನ್ನು ಕೇಳಿ" ಅನ್ನುತ್ತಾರೆ. ಕಂಪನಿಯವರು "ನಾವು ಕಳಿಸಿಯಾಗಿದೆ, ಬ್ಯಾಂಕನ್ನು ಕೇಳಿ" ಅನ್ನುತ್ತಾರೆ. ಎಷ್ಟೋ ಸಲ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಹಣ ಇಬ್ಬರ ನಡುವೆ ಎಲ್ಲೋ ಇರುತ್ತದೆ. ಅದು ಎಲ್ಲಿದೆ ಅಂತ ಕಂಡುಹಿಡಿಯಬೇಕಾದರೆ ಹುಡುಕುವ ಕ್ರಮ ಸರಿ ಇರಬೇಕು. ಬ್ಯಾಂಕ್ ಕೊನೆಯಲ್ಲಿ ಬರುತ್ತದೆ, ಮೊದಲಲ್ಲ.

ಇಲ್ಲಿ ಕಾರ್ಡ್‌ನಲ್ಲಿ ಕೊಟ್ಟ ಹಣದ ಬಗ್ಗೆ ಮಾತ್ರ ಬರೆದಿದ್ದೇನೆ. ಜಾಸ್ತಿ ಜನ ಎಡವುವುದು ಅಲ್ಲೇ. ದಾರಿಯುದ್ದಕ್ಕೂ ನನ್ನದೇ ಒಂದು ರೀಫಂಡ್‌ನ ಕಥೆಯನ್ನೂ ಹೇಳುತ್ತಾ ಹೋಗುತ್ತೇನೆ. 2025ರ ಫೆಬ್ರವರಿ 24ರಂದು ಒಂದು ಹೆಡ್‌ಫೋನ್‌ಗೆ ಹಣ ಕೊಟ್ಟಿದ್ದೆ. ಮಾರ್ಚ್ 6ರಂದು ಅದನ್ನು ವಾಪಸ್ ಕೊಟ್ಟೆ. ಹಣ ಕೈಗೆ ಬಂದಿದ್ದು ಮಾರ್ಚ್ 20ಕ್ಕೆ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಆರ್ಡರ್ ನಂಬರ್, ಹಣ ಕಟ್ ಆದ ದಿನಾಂಕ, ಕಟ್ ಆದ ಪೂರ್ತಿ ಮೊತ್ತ, ಮತ್ತು ಯಾವ ಕಾರ್ಡ್ ಅನ್ನುವುದು. ಕಾರ್ಡ್‌ನ ಕೊನೆಯ ನಾಲ್ಕು ಅಂಕಿ ಸಾಕು, ಪೂರ್ತಿ ನಂಬರನ್ನು ಯಾರಿಗೂ ಕೊಡಬೇಡಿ.

ಫೋನ್‌ನಿಂದ ಟ್ಯಾಪ್ ಮಾಡಿ ಹಣ ಕೊಟ್ಟಿದ್ದರೆ ಒಂದು ವಿಷಯ ನೆನಪಿಡಿ. ಫೋನ್ ನಿಮ್ಮ ಕಾರ್ಡ್‌ನ ನಿಜವಾದ ನಂಬರನ್ನು ಅಂಗಡಿಗೆ ಕೊಡುವುದಿಲ್ಲ, ಅದರ ಬದಲು ಇನ್ನೊಂದು ನಂಬರ್ ಕೊಡುತ್ತದೆ. ಹಾಗಾಗಿ ರಸೀದಿಯಲ್ಲಿರುವ ಕೊನೆಯ ನಾಲ್ಕು ಅಂಕಿ ನಿಮ್ಮ ಕಾರ್ಡ್ ಮೇಲಿನದಕ್ಕೆ ಹೊಂದದೇ ಇರಬಹುದು. "ಬೇರೆ ಯಾರದೋ ಕಾರ್ಡ್‌ಗೆ ರೀಫಂಡ್ ಹೋಗಿದೆ" ಅಂತ ಗಾಬರಿಯಾಗುವವರಲ್ಲಿ ಕೆಲವರದು ಇಷ್ಟೇ ಕಥೆ. ಫೋನ್‌ನ ವಾಲೆಟ್ ಆ್ಯಪ್‌ನಲ್ಲಿ ಕಾರ್ಡ್‌ನ ವಿವರ ತೆರೆದರೆ ಆ ಇನ್ನೊಂದು ನಂಬರ್‌ನ ಕೊನೆಯ ಅಂಕಿಗಳು ಕಾಣಿಸುತ್ತವೆ.

## 1. ಹಣ ನಿಜವಾಗಿ ಕಟ್ ಆಗಿತ್ತಾ ನೋಡಿ

ಕಾರ್ಡ್ ಪಾವತಿ ಎರಡು ಹೆಜ್ಜೆಯಲ್ಲಿ ಆಗುತ್ತದೆ. ಮೊದಲು ಬ್ಯಾಂಕ್ ಅಷ್ಟು ಹಣವನ್ನು ತಡೆದು ಇಡುತ್ತದೆ. ಆಮೇಲೆ ವ್ಯಾಪಾರಿ ಅದನ್ನು ನಿಜವಾಗಿ ತೆಗೆದುಕೊಳ್ಳುತ್ತಾನೆ. ಮೊದಲ ಹೆಜ್ಜೆ ಮಾತ್ರ ಆಗಿದ್ದರೆ ಆ್ಯಪ್‌ನಲ್ಲಿ ಆ ಸಾಲಿನ ಪಕ್ಕ "ಪೆಂಡಿಂಗ್" ಅಂತ ಇರುತ್ತದೆ.

ಆರ್ಡರನ್ನು ಬೇಗ ಕ್ಯಾನ್ಸಲ್ ಮಾಡಿದ್ದರೆ ಎರಡನೇ ಹೆಜ್ಜೆ ಆಗಿಯೇ ಇಲ್ಲದಿರಬಹುದು. ಆಗ ರೀಫಂಡ್ ಅನ್ನುವ ಮಾತೇ ಬರುವುದಿಲ್ಲ, ತಡೆದಿಟ್ಟ ಹಣವನ್ನು ಬಿಟ್ಟುಬಿಡುತ್ತಾರೆ ಅಷ್ಟೇ. ಖಾತೆಯಲ್ಲಿ "ಇಷ್ಟು ಹಣ ಜಮೆ" ಅನ್ನುವ ಸಾಲು ಬರುವುದಿಲ್ಲ, ಪೆಂಡಿಂಗ್ ಸಾಲು ಸದ್ದಿಲ್ಲದೆ ಮಾಯವಾಗುತ್ತದೆ. ಬಾಕಿ ಹಣ ಮೊದಲಿನಷ್ಟೇ ಆಗಿರುತ್ತದೆ. ಇದನ್ನು ಗಮನಿಸದೆ ಜಮೆ ಸಾಲಿಗಾಗಿ ತಿಂಗಳುಗಟ್ಟಲೆ ಸುಮ್ನೆ ಕಾಯುವವರಿದ್ದಾರೆ.

ಹಾಗಾಗಿ ಹಳೆಯ ಸಾಲನ್ನು ಹುಡುಕಿ. ಅದು ಇಲ್ಲವೇ ಇಲ್ಲ ಅಂದರೆ ನಿಮ್ಮ ಹಣ ಆಗಲೇ ವಾಪಸ್ ಬಂದಿದೆ. ಪೆಂಡಿಂಗ್ ಅಂತಲೇ ಇದ್ದರೆ ವ್ಯಾಪಾರಿ ಬಿಡುಗಡೆಯ ಸೂಚನೆ ಕಳಿಸಿದ್ದಾನಾ ಅಂತ ಕೇಳಿ. ಕಳಿಸದಿದ್ದರೂ ಬ್ಯಾಂಕಿನ ಅವಧಿ ಮುಗಿದ ಮೇಲೆ ಅದು ತಾನಾಗೇ ಬಿಟ್ಟುಹೋಗುತ್ತದೆ. ಸಾಲು ಪಕ್ಕಾ ಆಗಿದ್ದರೆ, ಅಂದರೆ ಪೆಂಡಿಂಗ್ ಅಲ್ಲದಿದ್ದರೆ, ಮಾತ್ರ ಮುಂದಿನ ಹಂತಗಳು ನಿಮಗೆ ಬೇಕು.

## 2. ಪ್ಲಾಟ್‌ಫಾರ್ಮ್ "ಶುರುವಾಗಿದೆ" ಅಂದರೆ ಏನು ಅಂತ ಕೇಳಿ

"ನಿಮ್ಮ ರೀಫಂಡ್ ಶುರುವಾಗಿದೆ" ಅನ್ನುವ ಮೆಸೇಜ್ ನೋಡಿ ನಾವು ದಿನ ಎಣಿಸಲು ಕೂರುತ್ತೇವೆ, ಅಲ್ವಾ? ಆದರೆ ಈ ಮಾತಿಗೆ ಒಂದೇ ಅರ್ಥ ಇಲ್ಲ. ಒಂದು ಕಡೆ ಕೊರಿಯರ್‌ನವನು ವಸ್ತು ತೆಗೆದುಕೊಂಡ ಕೂಡಲೇ ಈ ಮೆಸೇಜ್ ಬರುತ್ತದೆ. ಇನ್ನೊಂದು ಕಡೆ ಗೋದಾಮಿನಲ್ಲಿ ವಸ್ತುವನ್ನು ಪರೀಕ್ಷಿಸಿದ ಮೇಲೆ ಬರುತ್ತದೆ. ಮತ್ತೊಂದು ಕಡೆ ಗೇಟ್‌ವೇಗೆ, ಅಂದರೆ ಪ್ಲಾಟ್‌ಫಾರ್ಮ್ ಪರವಾಗಿ ಕಾರ್ಡ್ ಹಣವನ್ನು ವಸೂಲಿ ಮಾಡಿಕೊಡುವ ಕಂಪನಿಗೆ, ನಿಜವಾಗಿ ಸೂಚನೆ ಹೋದಾಗ ಬರುತ್ತದೆ. ಹಣದ ಮಟ್ಟಿಗೆ ಲೆಕ್ಕಕ್ಕೆ ಬರುವುದು ಮೂರನೆಯದು ಮಾತ್ರ.

ನನ್ನ ವಿಷಯದಲ್ಲಿ ಮಾರ್ಚ್ 6ರಂದು, ಗುರುವಾರ, ಕೊರಿಯರ್ ಹುಡುಗ ಬಾಗಿಲಲ್ಲೇ ನಿಂತಿದ್ದಾಗ ಮೆಸೇಜ್ ಬಂತು. ವಾರ ಕಾದೆ. 13ರಂದು ಬ್ಯಾಂಕಿಗೆ ಫೋನ್ ಮಾಡಿ ಅರ್ಧ ಗಂಟೆ ಹಾಡು ಕೇಳಿಸಿಕೊಂಡೆ. ಆಮೇಲೆ ಗೊತ್ತಾಯಿತು, ವಸ್ತು ಗೋದಾಮಿನಲ್ಲಿ ಒಪ್ಪಿಗೆಗಾಗಿ ಕಾಯುತ್ತಾ ಬಿದ್ದಿತ್ತು. ಗೇಟ್‌ವೇಗೆ ಸೂಚನೆ ಹೋಗಿಯೇ ಇರಲಿಲ್ಲ.

ಆದ್ದರಿಂದ "ನನ್ನ ರೀಫಂಡ್ ಎಲ್ಲಿ?" ಅಂತ ಕೇಳಬೇಡಿ. ಆ ಪ್ರಶ್ನೆಗೆ "ಐದರಿಂದ ಹತ್ತು ಕೆಲಸದ ದಿನ ಕಾಯಿರಿ" ಅನ್ನುವ ಸಿದ್ಧ ಉತ್ತರವೇ ಬರುತ್ತದೆ. ಬದಲಿಗೆ ಹೀಗೆ ಬರೆಯಿರಿ: "ಈ ಆರ್ಡರ್‌ನ ರೀಫಂಡ್ ಸೂಚನೆ ಪೇಮೆಂಟ್ ಗೇಟ್‌ವೇಗೆ ಯಾವ ದಿನ ಹೋಗಿದೆ? ಮೊತ್ತ ಎಷ್ಟು? ಕಾರ್ಡ್‌ಗೆ ಹೋಗಿದೆಯೋ, ನಿಮ್ಮ ವಾಲೆಟ್‌ಗೋ?" ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಪ್ಲಾಟ್‌ಫಾರ್ಮ್‌ನ ವಾಲೆಟ್‌ಗೆ ಹಣ ಹಾಕಿದ್ದರೆ ಬ್ಯಾಂಕಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ವಾಪಸ್ ಕೊಡುವಾಗ ಅವಸರದಲ್ಲಿ ಆ ಆಯ್ಕೆಯನ್ನು ನಾವೇ ಒತ್ತಿರುತ್ತೇವೆ.

## 3. ಗೇಟ್‌ವೇಯಲ್ಲಿ ನಿಂತಿದೆಯಾ ತಿಳಿಯಿರಿ

ಗೇಟ್‌ವೇಗೂ ನಿಮಗೂ ನೇರ ವ್ಯವಹಾರ ಇಲ್ಲ. ನೀವು ಅವರಿಗೆ ಬರೆದರೆ "ವ್ಯಾಪಾರಿಯನ್ನು ಸಂಪರ್ಕಿಸಿ" ಅನ್ನುವ ಉತ್ತರವೇ ಬರುವುದು ಸಾಮಾನ್ಯ. ಹಾಗಾಗಿ ಇಲ್ಲಿನ ವಿಷಯವನ್ನೂ ಪ್ಲಾಟ್‌ಫಾರ್ಮ್ ಬಾಯಿಂದಲೇ ಹೊರಡಿಸಬೇಕು.

ಇಲ್ಲಿ ಹಣ ನಿಲ್ಲಲು ಮುಖ್ಯ ಕಾರಣ ಒಂದೇ. ಗೇಟ್‌ವೇ ಸಾಮಾನ್ಯವಾಗಿ ರೀಫಂಡ್ ಹಣವನ್ನು ಆ ವ್ಯಾಪಾರಿಯ ಲೆಕ್ಕದಲ್ಲಿ ಉಳಿದಿರುವ ಮೊತ್ತದಿಂದ ಕಳೆದು ಕಳಿಸುತ್ತದೆ. ನೀವು ಕೊಟ್ಟ ಹಣ ಆಗಲೇ ವ್ಯಾಪಾರಿಯ ಬ್ಯಾಂಕ್ ಖಾತೆಗೆ ಹೋಗಿಬಿಟ್ಟಿರುತ್ತದೆ. ಹೊಸ ಮಾರಾಟ ಕಡಿಮೆ ಇದ್ದು ಲೆಕ್ಕ ಖಾಲಿಯಾಗಿದ್ದರೆ ರೀಫಂಡ್ "ಪೆಂಡಿಂಗ್" ಅಂತ ಅಲ್ಲೇ ಕೂರುತ್ತದೆ. ವ್ಯಾಪಾರಿ ಹಣ ತುಂಬಬೇಕು, ಇಲ್ಲವೇ ಹೊಸ ಮಾರಾಟದ ಹಣ ಬರಬೇಕು. ದೊಡ್ಡ ಪ್ಲಾಟ್‌ಫಾರ್ಮ್‌ಗಳಲ್ಲಿ ಇದು ಅಪರೂಪ. ಸಣ್ಣ ವ್ಯಾಪಾರಿಗಳಲ್ಲಿ, ಅದರಲ್ಲೂ ತುಂಬಾ ಜನ ಒಟ್ಟಿಗೆ ರೀಫಂಡ್ ಕೇಳಿದಾಗ, ಹೀಗಾಗುತ್ತದೆ. ಒಂದು ಕಾರ್ಯಕ್ರಮ ರದ್ದಾದಾಗ ಟಿಕೆಟ್ ಹಣ ವಾಪಸ್ ಬರಲು ತಡವಾಗುವುದಕ್ಕೆ ಇದೂ ಒಂದು ಕಾರಣ ಆಗಿರಬಹುದು.

ಎಚ್ಚರಿಕೆಯ ಲಕ್ಷಣ ಹೀಗಿರುತ್ತದೆ: ಪ್ಲಾಟ್‌ಫಾರ್ಮ್ "ಕಳಿಸಿದ್ದೇವೆ" ಅನ್ನುತ್ತದೆ, ಆದರೆ ಮುಂದಿನ ಹಂತದಲ್ಲಿ ಹೇಳುವ ನಂಬರನ್ನು ಒಂದು ವಾರ ಕಳೆದರೂ ಕೊಡುವುದಿಲ್ಲ. "ಇನ್ನೂ ಜನರೇಟ್ ಆಗಿಲ್ಲ" ಅನ್ನುತ್ತದೆ. ಒಂದೆರಡು ದಿನ ಹಾಗೆ ಹೇಳಿದರೆ ಸಹಜ. ಅದಕ್ಕಿಂತ ಜಾಸ್ತಿ ಆದರೆ ಹಣ ಇನ್ನೂ ಗೇಟ್‌ವೇ ದಾಟಿಲ್ಲ ಅಂತಲೇ ಅನುಮಾನಿಸಿ.

ಇನ್ನೊಂದು ಮಾತು. ಗೇಟ್‌ವೇ ಪರದೆಯಲ್ಲಿ ರೀಫಂಡ್ "ಯಶಸ್ವಿ" ಅಂತ ತೋರಿಸಿದರೆ, ಅದರ ಅರ್ಥ ಹಣ ಅವರ ಕಡೆಯಿಂದ ಹೊರಟಿದೆ ಅಂತ. ನಿಮ್ಮ ಖಾತೆ ತಲುಪಿದೆ ಅಂತಲ್ಲ. ಪ್ಲಾಟ್‌ಫಾರ್ಮ್ ಸಿಬ್ಬಂದಿ ಆ ಪರದೆಯನ್ನು ನೋಡಿಯೇ ನಿಮಗೆ ಖಡಾಖಂಡಿತವಾಗಿ ಉತ್ತರಿಸುತ್ತಿರುತ್ತಾರೆ.

## 4. ಎಆರ್‌ಎನ್ ಕೇಳಿ, ಅದನ್ನು ಓದಿ

ಇಡೀ ಕೆಲಸದಲ್ಲಿ ಇದೇ ಕೀಲಿಕೈ. ರೀಫಂಡ್ ಗೇಟ್‌ವೇ ದಾಟಿ ವ್ಯಾಪಾರಿಯ ಬ್ಯಾಂಕ್ ಮೂಲಕ ಕಾರ್ಡ್ ನೆಟ್‌ವರ್ಕ್‌ಗೆ ಇಳಿದಾಗ ಅದಕ್ಕೆ ಒಂದು ನಂಬರ್ ಸಿಗುತ್ತದೆ. ಅದನ್ನು ಎಆರ್‌ಎನ್ ಅನ್ನುತ್ತಾರೆ. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಇದು 23 ಅಂಕಿಗಳ ನಂಬರ್. ನಿಮ್ಮ ಬ್ಯಾಂಕಿಗೂ ಪ್ಲಾಟ್‌ಫಾರ್ಮ್‌ಗೂ ಒಟ್ಟಿಗೆ ಅರ್ಥವಾಗುವ ನಂಬರ್ ಇದೇ.

ಕೇಳಿದ ಕೂಡಲೇ ಸರಿಯಾದದ್ದೇ ಸಿಗುತ್ತದೆ ಅಂದುಕೊಳ್ಳಬೇಡಿ. ಕೆಲವರು ಕೊಡುವುದು `rfnd_` ಅಂತ ಶುರುವಾಗುವ, ಅಕ್ಷರ ಅಂಕಿ ಬೆರೆತ ಒಂದು ಕೋಡ್. ಅದು ಗೇಟ್‌ವೇಯ ಒಳಗಿನ ನಂಬರ್. ಬೇರೆ ಗೇಟ್‌ವೇ ಆದರೆ `re_` ಅಂತ ಇರಬಹುದು. ಬ್ಯಾಂಕಿನವರು ಇದನ್ನು ತಮ್ಮ ಕಂಪ್ಯೂಟರಿನಲ್ಲಿ ಹುಡುಕಲು ಸಾಧ್ಯವೇ ಇಲ್ಲ. 12 ಅಂಕಿಯ ಇನ್ನೊಂದು ನಂಬರನ್ನೂ ಕೆಲವರು ಕೊಡುತ್ತಾರೆ, ಅದು ಆರ್‌ಆರ್‌ಎನ್. ಬ್ಯಾಂಕಿಗೆ ಅದರಿಂದ ಒಂದಿಷ್ಟು ಉಪಯೋಗ ಇದೆ, ಆದರೆ ಅದು ಎಆರ್‌ಎನ್ ಅಲ್ಲ. ಅಂಕಿಗಳನ್ನು ಎಣಿಸಿ. 23 ಇಲ್ಲದಿದ್ದರೆ ಮತ್ತೆ ಕೇಳಿ.

ನನಗೆ 23 ಅಂಕಿಯ ನಂಬರೇ ಸಿಕ್ಕಿತು. ಖುಷಿಯಾಗಿ ಬ್ಯಾಂಕಿಗೆ ಫೋನ್ ಮಾಡುವ ಮೊದಲು ಅದನ್ನು ಒಮ್ಮೆ ಓದಿದೆ. ಗುರುತಾಗಬಾರದೆಂದು ಉಳಿದ ಅಂಕಿಗಳನ್ನು ಮುಚ್ಚಿದರೆ ಅದು ಹೀಗಿತ್ತು:

```
7XXXXXX5055XXXXXXXXXXXX
```

ಮೊದಲ ಅಂಕಿ ಬಿಡಿ. ಅದರ ಮುಂದಿನ ಆರು ಅಂಕಿ ವ್ಯಾಪಾರಿಯ ಬ್ಯಾಂಕಿನ ಗುರುತು. ನಮಗೆ ಬೇಕಾದದ್ದು 8ನೇ ಅಂಕಿಯಿಂದ 11ನೇ ಅಂಕಿವರೆಗಿನ ನಾಲ್ಕು. ಅದು ದಿನಾಂಕ. ನಾಲ್ಕರಲ್ಲಿ ಮೊದಲನೆಯದು ಇಸವಿಯ ಕೊನೆಯ ಅಂಕಿ, ಉಳಿದ ಮೂರು ಆ ವರ್ಷದ ಎಷ್ಟನೇ ದಿನ ಅನ್ನುವುದು. ಅದರ ನಂತರದ ಹನ್ನೊಂದು ಅಂಕಿ ವ್ಯವಹಾರದ ಸಾಲು ಸಂಖ್ಯೆ. ಕೊನೆಯದು ನಂಬರ್ ತಪ್ಪಾಗಿದೆಯಾ ಅಂತ ಪರೀಕ್ಷಿಸುವ ಅಂಕಿ.

5055 ಅಂದರೆ 2025, ಅದರ 55ನೇ ದಿನ. ಜನವರಿಗೆ 31 ದಿನ ಕಳೆದರೆ 24 ಉಳಿಯಿತು. ಫೆಬ್ರವರಿ 24. ಅದು ನಾನು ಹೆಡ್‌ಫೋನ್ ಕೊಂಡ ದಿನ! ಅಂದರೆ ಅವರು ಕೊಟ್ಟಿದ್ದು ರೀಫಂಡ್‌ನ ಎಆರ್‌ಎನ್ ಅಲ್ಲ, ನಾನು ಹಣ ಕೊಟ್ಟಾಗಿನ ಎಆರ್‌ಎನ್. ರೀಫಂಡ್ ಅನ್ನುವುದು ಹಳೆಯ ಪಾವತಿಯನ್ನು ಅಳಿಸುವುದಲ್ಲ, ಎದುರು ದಿಕ್ಕಿನಲ್ಲಿ ಹೋಗುವ ಹೊಸ ವ್ಯವಹಾರ. ಅದಕ್ಕೆ ಅದರದ್ದೇ ನಂಬರ್, ಅದರದ್ದೇ ದಿನಾಂಕ ಇರುತ್ತದೆ. ಹಳೆ ನಂಬರ್ ಹಿಡಿದು ಬ್ಯಾಂಕಿಗೆ ಹೋಗಿದ್ದರೆ "ಹೌದು ಸರ್, ಈ ಹಣ ನಿಮ್ಮ ಖಾತೆಯಿಂದ ಹೋಗಿದೆ" ಅಂದು ಕೈ ತೊಳೆದುಕೊಳ್ಳುತ್ತಿದ್ದರು.

ಇದನ್ನು ಬರೆದು ಕಳಿಸಿದ್ದೇ ತಡ, ಫೈಲ್ ಅಲುಗಾಡಿತು. "ನೀವು ಕೊಟ್ಟ ಎಆರ್‌ಎನ್‌ನಲ್ಲಿ ಫೆಬ್ರವರಿ 24ರ ದಿನಾಂಕ ಇದೆ, ನಾನು ವಸ್ತು ವಾಪಸ್ ಕೊಟ್ಟಿದ್ದು ಮಾರ್ಚ್ 6ಕ್ಕೆ" ಅಂತ ಎರಡೇ ಸಾಲು. ಮಾರ್ಚ್ 14ರ ಶುಕ್ರವಾರ ಸಂಜೆ ಗೇಟ್‌ವೇಗೆ ಸೂಚನೆ ಹೋಯಿತು. ಆಮೇಲೆ ಬಂದ ಹೊಸ ಎಆರ್‌ಎನ್‌ನಲ್ಲಿ ಆ ನಾಲ್ಕು ಅಂಕಿ 5076 ಇತ್ತು. ಲೆಕ್ಕ ಹಾಕಿ: 76ರಿಂದ ಜನವರಿಯ 31, ಫೆಬ್ರವರಿಯ 28 ಕಳೆದರೆ 17. ಮಾರ್ಚ್ 17, ಸೋಮವಾರ. ಶುಕ್ರವಾರ ಸಂಜೆಯ ಸೂಚನೆ ಶನಿವಾರ, ಭಾನುವಾರ ಮಲಗಿ ಸೋಮವಾರ ಎದ್ದಿತ್ತು.

ಫೆಬ್ರವರಿಗೆ 29 ದಿನ ಇರುವ ವರ್ಷದಲ್ಲಿ ಮಾರ್ಚ್‌ನಿಂದ ಮುಂದೆ ಒಂದು ದಿನ ಹೆಚ್ಚು ಕಳೆಯಬೇಕು, ಅದನ್ನು ಮರೆಯಬೇಡಿ.

## 5. ದಿನಗಳನ್ನು ಎಆರ್‌ಎನ್ ದಿನಾಂಕದಿಂದ ಎಣಿಸಿ

ಎಲ್ಲರೂ ಹೇಳುವ "ಐದರಿಂದ ಹತ್ತು ಕೆಲಸದ ದಿನ" ಅನ್ನುವುದು ಈ ದಿನಾಂಕದಿಂದ ಶುರುವಾಗುತ್ತದೆ ಅಂತ ಇಟ್ಟುಕೊಳ್ಳಿ. ಮೆಸೇಜ್ ಬಂದ ದಿನದಿಂದ ಅಲ್ಲ, ವಸ್ತು ಕೊಟ್ಟ ದಿನದಿಂದ ಅಲ್ಲ. ರಜೆಗಳನ್ನು ಬಿಟ್ಟು ಎಣಿಸಿ.

ಅದಕ್ಕೂ ಮೊದಲು ಬ್ಯಾಂಕಿಗೆ ಫೋನ್ ಮಾಡಿದರೆ ಪ್ರಯೋಜನ ಕಮ್ಮಿ. ನಾನು ಮಾರ್ಚ್ 18ಕ್ಕೆ ಮಾಡಿದೆ, ಕಾಣಿಸುತ್ತಿಲ್ಲ ಅಂದರು. ಫೋನ್ ಎತ್ತುವ ಸಿಬ್ಬಂದಿಗೆ ಸಾಮಾನ್ಯವಾಗಿ ಕಾಣುವುದು ನಿಮ್ಮ ಖಾತೆಗೆ ಬಿದ್ದ ಸಾಲುಗಳು. ನೆಟ್‌ವರ್ಕ್‌ನಿಂದ ಬಂದಿರುವ ಆದರೆ ಇನ್ನೂ ಖಾತೆಗೆ ಹಾಕದ ವ್ಯವಹಾರವನ್ನು ನೋಡುವವರು ಹಿಂದಿನ ಕಚೇರಿಯ ಕಾರ್ಡ್ ವಿಭಾಗದವರು. ಆದ್ದರಿಂದ ಹತ್ತು ಕೆಲಸದ ದಿನ ಕಳೆದ ಮೇಲೂ ಬರದಿದ್ದರೆ ಹೀಗೆ ಹೇಳಿ: "ನನ್ನ ಹತ್ತಿರ ರೀಫಂಡ್‌ನ ಎಆರ್‌ಎನ್ ಇದೆ. ದಯವಿಟ್ಟು ದೂರು ದಾಖಲಿಸಿ ಕಾರ್ಡ್ ವಿಭಾಗಕ್ಕೆ ಕಳಿಸಿ, ದೂರಿನ ನಂಬರ್ ಕೊಡಿ." ಎಆರ್‌ಎನ್, ಮೊತ್ತ, ದಿನಾಂಕ ಮೂರನ್ನೂ ಒಂದೇ ಉಸಿರಲ್ಲಿ ಕೊಡಿ.

ಈ ಹೊತ್ತಿನಲ್ಲೇ ಮೋಸಗಾರರು ಬಲೆ ಹಾಕುವುದು. ಹುಡುಕಾಟದಲ್ಲಿ ಸಿಕ್ಕ ಯಾವುದೋ "ಕಸ್ಟಮರ್ ಕೇರ್" ನಂಬರಿಗೆ ಫೋನ್ ಮಾಡಬೇಡಿ. ಆ್ಯಪ್‌ನ ಒಳಗಿರುವ ಅಥವಾ ಕಾರ್ಡ್ ಹಿಂಬದಿಯಲ್ಲಿರುವ ನಂಬರಿಗೇ ಮಾಡಿ. ಹಣ ವಾಪಸ್ ಬರಲು ಪಿನ್, ಒಟಿಪಿ ಯಾವುದೂ ಬೇಡ. ರೀಫಂಡ್ ಕೊಡಲು ಒಟಿಪಿ ಹೇಳಿ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ, ಮೊದಲು ಸ್ವಲ್ಪ ಹಣ ಕಳಿಸಿ ಅಂತ ಯಾರೇ ಅಂದರೂ ಅಲ್ಲಿಗೇ ಫೋನ್ ಇಡಿ.

## 6. ಬಂದಿದ್ದರೂ ಕಾಣದೇ ಇರಬಹುದು

ಬ್ಯಾಂಕಿನವರು "ಜಮೆ ಆಗಿದೆ" ಅಂದರೆ ವಾದ ಮಾಡುವ ಮೊದಲು ಸರಿಯಾಗಿ ಹುಡುಕಿ. ರೀಫಂಡ್ ಸಾಲು ನಿಮಗೆ ಗೊತ್ತಿರುವ ಪ್ಲಾಟ್‌ಫಾರ್ಮ್ ಹೆಸರಲ್ಲೇ ಬರಬೇಕೆಂದಿಲ್ಲ. ಕಂಪನಿಯ ನೋಂದಾಯಿತ ಹೆಸರಲ್ಲಿ ಬರಬಹುದು, ಗೇಟ್‌ವೇ ಹೆಸರು ಸೇರಿಕೊಂಡು ಬರಬಹುದು. ನನ್ನದು ನಾನು ಎಂದೂ ಕೇಳದ ಹೆಸರಲ್ಲಿ ಬಂದಿತ್ತು. ಹೆಸರಿನಿಂದ ಹುಡುಕದೆ ಮೊತ್ತದಿಂದ ಹುಡುಕಿದಾಗ ಸಿಕ್ಕಿತು.

ಮೊತ್ತವೂ ಕೆಲವೊಮ್ಮೆ ಕೈ ಕೊಡುತ್ತದೆ. ಡೆಲಿವರಿ ಶುಲ್ಕ ಕಳೆದಿರಬಹುದು. ಎರಡು ಪೊಟ್ಟಣದಲ್ಲಿ ಬಂದ ಆರ್ಡರ್ ಆದರೆ ಎರಡು ತುಂಡಾಗಿ ಬರಬಹುದು. ಸ್ವಲ್ಪ ಹಣ ಗಿಫ್ಟ್ ಕಾರ್ಡ್‌ನಿಂದ ಕೊಟ್ಟಿದ್ದರೆ ಆ ಭಾಗ ಅಲ್ಲಿಗೇ ಹೋಗಿರುತ್ತದೆ. ಬೇರೆ ದೇಶದ ಕರೆನ್ಸಿಯಲ್ಲಿ ಕೊಂಡಿದ್ದರೆ ರೀಫಂಡ್ ಆದ ಹೊತ್ತಿನ ದರದಲ್ಲಿ ಪರಿವರ್ತನೆ ಆಗುವುದೇ ಹೆಚ್ಚು, ಕೊಂಡ ದಿನದ ದರದಲ್ಲಿ ಅಲ್ಲ. ಹಾಗಾಗಿ ವ್ಯಾಪಾರಿ ಪೂರ್ತಿ ವಾಪಸ್ ಕೊಟ್ಟರೂ ನಿಮಗೆ ಸ್ವಲ್ಪ ಹೆಚ್ಚೋ ಕಡಿಮೆಯೋ ಸಿಗುತ್ತದೆ.

ಕ್ರೆಡಿಟ್ ಕಾರ್ಡ್ ಇದ್ದವರು ಇದನ್ನು ಗಮನಿಸಿ. ರೀಫಂಡ್ ಜಮೆ ಆಯಿತು ಅಂದರೆ ಪೂರ್ತಿ ಬಿಲ್ ಕಟ್ಟಿದಂತೆ ಅಂತ ಅಂದುಕೊಳ್ಳಬೇಡಿ. ಬಿಲ್ ತಯಾರಾದ ಮೇಲೆ ರೀಫಂಡ್ ಬಂದರೆ ಅದನ್ನು ಈ ಬಿಲ್‌ನಿಂದ ಕಳೆದಿದ್ದಾರಾ, ಇನ್ನೂ ಎಷ್ಟು ಬಾಕಿ ಇದೆ ಅಂತ ನೋಡಿ, ಉಳಿದದ್ದನ್ನು ಗಡುವಿನೊಳಗೆ ಕಟ್ಟಿ. "ರೀಫಂಡ್ ಬಂತಲ್ಲ" ಅಂತ ಸುಮ್ಮನಿದ್ದರೆ ದಂಡ ಬೀಳಬಹುದು.

## 7. ಕಾರ್ಡ್ ಬದಲಾಗಿದ್ದರೆ

ರೀಫಂಡ್ ಹೋಗುವುದು ನೀವು ಹಣ ಕೊಟ್ಟ ಕಾರ್ಡ್ ನಂಬರಿಗೇ. ಕಾರ್ಡ್ ಕಳೆದು ಹೊಸದು ಬಂದಿದ್ದರೆ, ಅವಧಿ ಮುಗಿದಿದ್ದರೆ ಭಯಪಡಬೇಕಿಲ್ಲ. ಹಿಂದಿರುವ ಖಾತೆ ಅದೇ ಆಗಿರುವುದರಿಂದ ಹೆಚ್ಚಿನ ಬ್ಯಾಂಕ್‌ಗಳು ಹಣವನ್ನು ಅಲ್ಲಿಗೇ ಸೇರಿಸುತ್ತವೆ. ಒಂದೆರಡು ದಿನ ತಡವಾದೀತು.

ಖಾತೆಯನ್ನೇ ಮುಚ್ಚಿದ್ದರೆ ವಿಷಯ ಬೇರೆ. ಬ್ಯಾಂಕ್ ಆ ಹಣವನ್ನು ಹಿಡಿದಿಟ್ಟು ನಿಮ್ಮನ್ನು ಸಂಪರ್ಕಿಸಬಹುದು, ಇಲ್ಲವೇ ತಿರಸ್ಕರಿಸಿ ಬಂದ ದಾರಿಯಲ್ಲೇ ವಾಪಸ್ ಕಳಿಸಬಹುದು. ವಾಪಸ್ ಹೋದದ್ದು ಗೇಟ್‌ವೇ ಪರದೆಯಲ್ಲಿ "ವಿಫಲ" ಅಂತ ಬದಲಾಗಲು ವಾರಗಳೇ ಬೇಕಾಗಬಹುದು. ಅಲ್ಲಿಯವರೆಗೆ ಪ್ಲಾಟ್‌ಫಾರ್ಮ್‌ಗೆ ಅದು ಯಶಸ್ವಿ ಅಂತಲೇ ಕಾಣುತ್ತಿರುತ್ತದೆ. ಈ ಸಂದರ್ಭದಲ್ಲಿ ಮಾತ್ರ ಮೊದಲು ಹಳೆ ಬ್ಯಾಂಕಿಗೆ ಹೋಗಿ. ಹಣ ತಿರಸ್ಕರಿಸಿದ್ದರೆ ಹಾಗೆಂದು ಬರೆದುಕೊಡಲು ಕೇಳಿ, ಆ ಕಾಗದವನ್ನು ಪ್ಲಾಟ್‌ಫಾರ್ಮ್‌ಗೆ ಕಳಿಸಿ ಬೇರೆ ಖಾತೆಗೆ ಹಾಕಿಸಿಕೊಳ್ಳಿ.

## 8. ಡಿಸ್ಪ್ಯೂಟ್ ಯಾವಾಗ ಹಾಕಬೇಕು

ವ್ಯಾಪಾರಿ ರೀಫಂಡ್ ಒಪ್ಪಿಕೊಂಡೂ ಕಳಿಸದಿದ್ದರೆ ಬ್ಯಾಂಕಿನಲ್ಲಿ ಡಿಸ್ಪ್ಯೂಟ್, ಅಂದರೆ ಆ ಪಾವತಿಯ ಬಗ್ಗೆ ತಕರಾರು, ಹಾಕಬಹುದು. ಒಪ್ಪಿದ ರೀಫಂಡ್ ಬಂದಿಲ್ಲ ಅನ್ನುವುದಕ್ಕೇ ಕಾರ್ಡ್ ನೆಟ್‌ವರ್ಕ್‌ಗಳಲ್ಲಿ ಪ್ರತ್ಯೇಕ ಕಾರಣ ಇದೆ. ಪ್ಲಾಟ್‌ಫಾರ್ಮ್ ಕಳಿಸಿದ "ರೀಫಂಡ್ ಒಪ್ಪಿದ್ದೇವೆ" ಅನ್ನುವ ಮೆಸೇಜ್ ಇಲ್ಲಿ ನಿಮ್ಮ ಮುಖ್ಯ ಸಾಕ್ಷಿ, ಅದನ್ನು ಅಳಿಸಬೇಡಿ.

ಆದರೆ ಸರಿಯಾದ ಎಆರ್‌ಎನ್ ಕೈಯಲ್ಲಿದ್ದರೆ ಡಿಸ್ಪ್ಯೂಟ್ ಹಾಕಬೇಡಿ. ಹಣ ಆಗಲೇ ದಾರಿಯಲ್ಲಿದೆ. ವ್ಯಾಪಾರಿ ಅದೇ ಎಆರ್‌ಎನ್ ತೋರಿಸಿ ಗೆಲ್ಲುತ್ತಾನೆ. ಎರಡೂ ಕಡೆಯಿಂದ ಹಣ ಬಂದರೂ ಒಂದನ್ನು ಆಮೇಲೆ ನಿಮ್ಮ ಖಾತೆಯಿಂದ ವಾಪಸ್ ತೆಗೆಯುತ್ತಾರೆ. ಹಾಗೆ ತೆಗೆದ ದಿನ ಖಾತೆ ಖಾಲಿ ಇದ್ದರೆ ಹೊಸ ತಲೆನೋವು.

ಎಆರ್‌ಎನ್ ಕೊಡದೆ ಸತಾಯಿಸುತ್ತಿದ್ದರೆ ಮಾತ್ರ ಜಾಸ್ತಿ ಕಾಯಬೇಡಿ. ಡಿಸ್ಪ್ಯೂಟ್‌ಗೆ ಗಡುವು ಇರುತ್ತದೆ. ಸಾಮಾನ್ಯವಾಗಿ ಅದು 120 ದಿನ, ಎಣಿಕೆ ಯಾವತ್ತಿನಿಂದ ಶುರು ಅನ್ನುವುದು ಪ್ರಕರಣಕ್ಕೆ ತಕ್ಕಂತೆ ಬದಲಾಗುತ್ತದೆ. ನಿಮ್ಮ ಕೊನೆಯ ದಿನ ಯಾವುದು ಅಂತ ಬ್ಯಾಂಕನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. "ಇನ್ನೊಂದು ವಾರ, ಇನ್ನೊಂದು ವಾರ" ಅಂತ ಆ ದಿನವನ್ನು ದಾಟಿಸುವ ವ್ಯಾಪಾರಿಗಳೂ ಇದ್ದಾರೆ.

ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. 20ರ ಗುರುವಾರ ಹಣ ಬಿತ್ತು. ಕೊರಿಯರ್ ಹುಡುಗ ಬಂದ ದಿನದಿಂದ ಲೆಕ್ಕ ಹಾಕಿದರೆ 14 ದಿನ. ಅದರಲ್ಲಿ 8 ದಿನ ಪ್ಲಾಟ್‌ಫಾರ್ಮ್‌ನ ಗೋದಾಮಿನ ಕಡತದಲ್ಲಿ, 3 ದಿನ ವಾರಾಂತ್ಯದಲ್ಲಿ ಹೋಯಿತು. ನಾನು ಮೊದಲು ಬೈದ ಬ್ಯಾಂಕ್ ಇಟ್ಟುಕೊಂಡಿದ್ದು ಬರೀ 3 ದಿನ.